ಅಜ್ಜಿಯ ಉಗ್ರಾಣದಲ್ಲಿ ತೂಗಿದ ಬಲೂನು

ರಾಗಿ ಚೀಲ, ಹುಣಸೆಹಣ್ಣಿನ ಮಡಕೆಗಳ ನಡುವೆ, ಉಗ್ರಾಣದ ಸೂರಿನಿಂದ ಇಳಿಬಿಟ್ಟ ದಾರದಲ್ಲಿ ಒಂದು ಕೆಂಪು ಬಲೂನು ತೂಗುತ್ತಿತ್ತು. ಹುಟ್ಟುಹಬ್ಬದ್ದಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಅಜ್ಜಿಯ ಉಣ್ಣೆಯ ಶಾಲಿಗೆ ಚೆನ್ನಾಗಿ ಉಜ್ಜಿ, ತೂಗುಹಾಕಿ, ಬಾಗಿಲು ಎಳೆದುಕೊಂಡು ಬಂದಿದ್ದಳು. ‘ಇನ್ನು ಮುಕ್ಕಾಲು ಗಂಟೆ ಯಾರೂ ಒಳಗೆ ಹೋಗಂಗಿಲ್ಲ ಸರ್’ ಎಂದು ನನಗೂ ತಾಕೀತು ಮಾಡಿದಳು. ಸಾರಿಗೆ ಬೇಕಾದ ಬೇಳೆ ಒಳಗೇ ಉಳಿದದ್ದಕ್ಕೆ ಅಜ್ಜಿ ಗೊಣಗುತ್ತಿದ್ದರು.

ರಾಮನಗರದ ಅಂಚಿನಲ್ಲಿರುವ ಈ ಮನೆ ಹಳೆಯ ಕಾಲದ್ದು. ಗೋಡೆ ಕಲ್ಲು, ನೆಲ ಕಲ್ಲು, ಸೂರೂ ಕಲ್ಲು ಚಪ್ಪಡಿ. ಇಂಜಿನಿಯರಿಂಗ್ ಓದುವ ಅಣ್ಣ ಬಿಡಿಭಾಗ ತರಿಸಿ ಜೋಡಿಸಿಕೊಟ್ಟ ಗೈಗರ್ ಕೌಂಟರ್ ಹಿಡಿದು ಹುಡುಗಿ ಆರು ತಿಂಗಳಿಂದ ಹಿನ್ನೆಲೆ ವಿಕಿರಣ ಎಣಿಸುತ್ತಿದ್ದಾಳೆ. ಉಪಕರಣದ ಜೀವ ಎಂದರೆ ಎಸ್‌ಬಿಎಂ-20 ಎಂಬ ರಷ್ಯಾದ ಲೋಹದ ಕೊಳವೆ. ಕೈಬೆರಳಿಗಿಂತ ಸ್ವಲ್ಪ ಉದ್ದ, ಒಳಗೆ ಅನಿಲ, ಸುಮಾರು 400 ವೋಲ್ಟ್ ವಿದ್ಯುತ್ತು. ಬೀಟಾ ಕಣವೋ ಗಾಮಾ ಕಿರಣವೋ ಒಳಹೊಕ್ಕರೆ ಒಂದು ಟಕ್. ಆಲ್ಫಾ ಕಣಕ್ಕೆ ಕೊಳವೆಯ ಗೋಡೆ ದಾಟುವ ಶಕ್ತಿಯಿಲ್ಲ. ಪುಟ್ಟ ಪರದೆಯ ಮೇಲೆ ನಿಮಿಷಕ್ಕೆ ಎಷ್ಟು ಟಕ್ ಎಂದೂ, ಅದರ ಕೆಳಗೆ ಮೈಕ್ರೋಸೀವರ್ಟ್ ಲೆಕ್ಕವೂ ಬರುತ್ತದೆ. ಈ ಎರಡನೆಯ ಸಾಲಿನ ಮೇಲೆ ಅವಳು ಇನ್ಸುಲೇಷನ್ ಟೇಪು ಅಂಟಿಸಿಬಿಟ್ಟಿದ್ದಾಳೆ. ಪ್ರಯೋಗಶಾಲೆಯ ಒಂದು ಆಕರವನ್ನು ಎದುರಿಗಿಟ್ಟು ಕೂಡಿಸಿದ ಆ ಲೆಕ್ಕ, ಕಲ್ಲಿಗೂ ಗೊಬ್ಬರಕ್ಕೂ ಆಕಾಶಕ್ಕೂ ಹಾಗೇ ಹೊಂದುವುದಿಲ್ಲ. ‘ಎಣಿಸಿದ್ದಷ್ಟೇ ನಂದು, ಮಿಕ್ಕಿದ್ದು ಪೆಟ್ಟಿಗೆಯ ಊಹೆ’ ಎಂದಳು. ಆ ಟೇಪು ನೋಡಿದ ಕ್ಷಣದಿಂದ ನಾನು ಅವಳ ಪಕ್ಷ.

ಮೊದಮೊದಲು ಅವಳಿಗೂ ಗೊಂದಲವಾಗಿತ್ತಂತೆ. ಒಂದು ನಿಮಿಷ 31, ಮರುನಿಮಿಷ 46, ಆಮೇಲೆ 38. ಯಂತ್ರ ಕೆಟ್ಟಿದೆಯೆಂದು ಅಣ್ಣನ ಜೊತೆ ಜಗಳ. ಕೆಟ್ಟಿರಲಿಲ್ಲ. ಯಾವ ಪರಮಾಣು ಯಾವಾಗ ಒಡೆಯುತ್ತದೆಂಬುದಕ್ಕೆ ವೇಳಾಪಟ್ಟಿಯಿಲ್ಲ. ಎಣಿಕೆಯ ವರ್ಗಮೂಲದಷ್ಟು ಏರುಪೇರು ಅದರ ಹುಟ್ಟುಗುಣ. 36 ಎಣಿಸಿದರೆ ಆರರಷ್ಟು ಆಚೀಚೆ ಮಾಮೂಲು, ಅಂದರೆ ಆರರಲ್ಲೊಂದು ಪಾಲು. ಸಾವಿರ ಎಣಿಸಿದರೆ ಏರುಪೇರು ಮೂವತ್ತರ ಆಸುಪಾಸು, ನೂರಕ್ಕೆ ಮೂರು ಮಾತ್ರ. ಇದನ್ನು ವಿಜ್ಞಾನದ ಮೇಷ್ಟ್ರು ವಿವರಿಸಿದ ಮೇಲೆ ಅವಳು ಅರ್ಧ ಗಂಟೆಗಿಂತ ಕಡಿಮೆ ಎಣಿಸುವುದನ್ನೇ ಬಿಟ್ಟಳು.

ಹಾಗೆ ಅರ್ಧರ್ಧ ಗಂಟೆ ಎಣಿಸಿದ್ದರಲ್ಲಿ ಹಿತ್ತಲಿನ ಮಣ್ಣಿನ ಮೇಲೆ 1,010 ಸಿಕ್ಕಿತು, ಮನೆಯೊಳಗೆ 1,230. ಹೊರಗಿಗಿಂತ ಒಳಗೇ ಹೆಚ್ಚು! ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ ಎಂಬುದು ಗೊತ್ತಿರುವುದೇ. ಭೂವಿಜ್ಞಾನಿಗಳಿಗೆ ಅದು ಇಲ್ಲಿನ ಬಂಡೆಯ ಹೆಸರೂ ಹೌದು. ಬಳ್ಳಾರಿ ಸೀಮೆಯಿಂದ ಕನಕಪುರದ ಕಡೆಗೆ ಪಟ್ಟಿಯಂತೆ ಹಾದುಬರುವ ಈ ಕ್ಲೋಸ್‌ಪೇಟೆ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಅದರ ನಸುಗೆಂಪು ಹರಳುಗಳಲ್ಲಿ ಪೊಟ್ಯಾಸಿಯಂ ತುಂಬಿದೆ, ಜೊತೆಗೆ ಚೂರು ಥೋರಿಯಂ, ಚೂರು ಯುರೇನಿಯಂ. ಹಿತ್ತಲಲ್ಲಿ ಕಲ್ಲಿನ ಕಿರಣ ಬರುವುದು ಕಾಲಡಿಯಿಂದ ಮಾತ್ರ. ಕಲ್ಲುಮನೆಯಲ್ಲಾದರೆ ನಾಲ್ಕು ಗೋಡೆ, ನೆತ್ತಿಯ ಮೇಲಿನ ಚಪ್ಪಡಿ ಎಲ್ಲವೂ ಸೇರಿಕೊಳ್ಳುತ್ತವೆ.

ಕಲ್ಲಿನ ಪಾಲು ಎಷ್ಟು ಎಂದು ತಿಳಿಯಲು ಅವಳು ಹೂಡಿದ ಉಪಾಯ ಸೊಗಸಾಗಿದೆ. ಮೀನು ಹಿಡಿಯುವ ಪರಿಚಯದವರ ತೆಪ್ಪದಲ್ಲಿ, ಮಾವನನ್ನೂ ಹತ್ತಿಸಿಕೊಂಡು, ಕಣ್ವ ಜಲಾಶಯದ ನಡುವಿಗೆ ಹೋದಳು. ಒಂದೆರಡು ಮೀಟರ್ ನೀರಿದ್ದರೆ ಸಾಕು, ತಳದ ಕಲ್ಲಿನ ಗಾಮಾ ಕಿರಣ ಹೆಚ್ಚುಕಮ್ಮಿ ಅಲ್ಲೇ ಇಂಗಿಹೋಗುತ್ತದೆ. ಅಲ್ಲಿ ಅರ್ಧ ಗಂಟೆಗೆ ಸಿಕ್ಕಿದ್ದು 495. ಉಳಿದ ಆ ಟಕ್‌ಟಕ್ ಬಹುಪಾಲು ಆಕಾಶದ್ದು, ಒಂದಿಷ್ಟು ಕೊಳವೆಯ ಸ್ವಂತದ್ದು. ಇವೆರಡನ್ನು ಬೇರ್ಪಡಿಸಬೇಕಾದರೆ ಕೋಲಾರದ ಚಿನ್ನದ ಗಣಿಯಂಥ ಆಳ ಬೇಕು. ವಿಶ್ವಕಿರಣಗಳ ಕಾಟ ತಪ್ಪಿಸಿಕೊಳ್ಳಲೆಂದೇ 1965ರಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಕೆಳಗೆ ಉಪಕರಣವಿಟ್ಟು ನ್ಯೂಟ್ರಿನೊ ಹಿಡಿದದ್ದು. ನೀರಿನ ಮೇಲೆ ಎಣಿಸುವುದು ಹೊಸತೇನಲ್ಲ. ಇಟಲಿಯ ಡೊಮೆನಿಕೊ ಪಾಚಿನಿ 1911ರಲ್ಲಿ ಲಿವೋರ್ನೊ ಬಳಿಯ ಸಮುದ್ರದಲ್ಲಿ ಹೀಗೇ ಅಳೆದು, ಎಲ್ಲವೂ ನೆಲದಿಂದಲೇ ಬರುತ್ತಿಲ್ಲ ಎಂದಿದ್ದ. ಮರುವರ್ಷ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿಲೋಮೀಟರ್ ಮೇಲೇರಿ ಅದನ್ನು ಖಚಿತಪಡಿಸಿದ. ನೊಬೆಲ್ ಬಂದದ್ದು ಹೆಸ್‌ಗೆ.

ಇನ್ನು ಬಾಳೆಹಣ್ಣು. ವಿಕಿರಣದ ಮಾತೆತ್ತಿದರೆ ಸಾಕು, ‘ಬಾಳೆಹಣ್ಣಿನಲ್ಲೂ ಇದೆ’ ಎನ್ನುವವರು ನನಗೆ ಸಾಕಾಗಿಹೋಗಿದ್ದಾರೆ. ಇದೆ, ನಿಜ. ಒಂದು ಹಣ್ಣಿನಲ್ಲಿ ಅರ್ಧ ಗ್ರಾಂಗಿಂತ ಕಡಿಮೆ ಪೊಟ್ಯಾಸಿಯಂ, ಅದರಲ್ಲಿ ಸೆಕೆಂಡಿಗೆ ಹದಿಮೂರು ಪರಮಾಣು ಒಡೆಯಬಹುದು. ಅದರಲ್ಲೂ ಬಹುಪಾಲು ಬೀಟಾ ಕಣಗಳು ಹಣ್ಣಿನ ತಿರುಳನ್ನೇ ದಾಟುವುದಿಲ್ಲ. ಹುಡುಗಿ ಕೊಳವೆಗೆ ಒತ್ತಿ ಹಣ್ಣಿಟ್ಟು ಎಣಿಸಿದಾಗ ಸಿಕ್ಕಿದ್ದು 1,251. ಹಣ್ಣಿಲ್ಲದೆ ಅದೇ ಜಾಗದಲ್ಲಿ 1,230. ಹೆಚ್ಚಿದ್ದು ಇಪ್ಪತ್ತೊಂದು. ಎರಡೂ ಎಣಿಕೆಯ ಏರುಪೇರು ಸೇರಿದರೆ ಐವತ್ತಾಗುತ್ತದೆ, ಆದ್ದರಿಂದ ಆ ಇಪ್ಪತ್ತೊಂದಕ್ಕೆ ಅರ್ಥವೇ ಇಲ್ಲ. ನೋಟ್‌ಬುಕ್ಕಿನಲ್ಲಿ ‘ಬಾಳೆ: ಕಾಣಲಿಲ್ಲ’ ಎಂದು ಬರೆದು, ಹಣ್ಣು ತಿಂದಿದ್ದಾಳೆ.

ಅದೇ ಪೊಟ್ಯಾಸಿಯಂ ಅವಳಿಗೆ ಸಿಕ್ಕಿದ್ದು ತೆಂಗಿನ ಬುಡಕ್ಕೆ ಹಾಕಲು ತಂದ ಗೊಬ್ಬರದ ಮೂಟೆಯಲ್ಲಿ. ಪೊಟ್ಯಾಷ್ ಎಂದು ಅಂಗಡಿಯಲ್ಲಿ ಕೊಡುವ ಆ ಕೆಂಪು ಹರಳಿನಲ್ಲಿ ತೂಕದ ಅರ್ಧದಷ್ಟು ಪೊಟ್ಯಾಸಿಯಂ. ಕಾಲು ಕೆ.ಜಿ. ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಳವೆಗೆ ಸುತ್ತಿದರೆ ಸುಮಾರು ಮುನ್ನೂರು ಬಾಳೆಹಣ್ಣಿನ ಸರಕು ಒಂದೇ ಕಡೆ. ಅರ್ಧ ಗಂಟೆಗೆ 1,640. ಈ ಬಾರಿ ಅನುಮಾನಕ್ಕೆ ಎಡೆಯಿಲ್ಲ. ಊರಹಬ್ಬದ ಕಾಲದ ಪೆಟ್ರೋಮ್ಯಾಕ್ಸ್‌ನ ಹಳೆಯ ಮ್ಯಾಂಟಲ್ ಒಂದು ಅಟ್ಟದಲ್ಲಿತ್ತು. ಥೋರಿಯಂ ಬಳಿದ ಅದು ನಿಮಿಷಕ್ಕೇ ಆರುನೂರು ದಾಟಿಸಿ ಮನೆಯವರನ್ನೆಲ್ಲ ಒಟ್ಟು ಸೇರಿಸಿತಂತೆ. ಅದನ್ನು ಪುಡಿಯಾಗದಂತೆ ಡಬ್ಬಿಯಲ್ಲಿಟ್ಟು ಮುಚ್ಚಿದ್ದಾಳೆ. ಧೂಳನ್ನು ಉಸಿರಾಡಬಾರದು, ಅಷ್ಟೇ.

ಅಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಬಲೂನು ಇಳಿಸಿ, ಕತ್ತರಿಯ ಮೊನೆಯಿಂದ ಕುತ್ತಿಗೆಯ ಬಳಿ ಸಣ್ಣಗೆ ಚುಚ್ಚಿ, ಮೆಲ್ಲಗೆ ಗಾಳಿ ಬಿಟ್ಟಳು. ಫಟ್ಟೆಂದು ಒಡೆದರೆ ಚೂರುಗಳನ್ನು ಆಯುವುದರಲ್ಲೇ ಹೊತ್ತು ಹೋಗುತ್ತದೆ. ಮುದುಡಿದ ರಬ್ಬರನ್ನು ಕೊಳವೆಗೆ ಸುತ್ತಿದ್ದೇ ತಡ, ಟಕ್‌ಟಕ್ ಒಂದಕ್ಕೊಂದು ಅಂಟಿಕೊಂಡು ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯತೊಡಗಿತು. ನಿಮಿಷಕ್ಕೆ 220!

‘ಏನವ್ವ ಅದು, ನಮ್ ಉಗ್ರಾಣದಾಗೆ ಇಟ್ಟಿದ್ದಾ?’ ಎಂದರು ಅಜ್ಜಿ.

ಇಟ್ಟಿದ್ದಲ್ಲ, ಕಲ್ಲಿನಿಂದ ಒಸರಿದ್ದು. ಯುರೇನಿಯಂನ ವಂಶದಲ್ಲಿ ರೇಡಾನ್ ಎಂಬ ಅನಿಲ ಬರುತ್ತದೆ. ಅದು ನೆಲದ ಬಿರುಕಿನಿಂದ, ಗೋಡೆಯಿಂದ ಹೊರಬಂದು ಮುಚ್ಚಿದ ಕೋಣೆಯಲ್ಲಿ ನಿಲ್ಲುತ್ತದೆ. ಅನಿಲಕ್ಕೆ ಬಲೂನು ಬೇಕಿಲ್ಲ. ಅದು ಒಡೆದಾಗ ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್‌ಗಳು ಘನವಸ್ತುಗಳು, ಹುಟ್ಟುವಾಗ ಹೆಚ್ಚಾಗಿ ಧನ ವಿದ್ಯುದಂಶ ಹೊತ್ತಿರುತ್ತವೆ. ಉಣ್ಣೆಗೆ ಉಜ್ಜಿದ ಬಲೂನಿನದು ಋಣ. ಕೋಣೆಯ ಗಾಳಿಯಲ್ಲಿದ್ದವು ಬಂದು ಅಂಟಿಕೊಳ್ಳುತ್ತವೆ. ಸಂದೇಹಪಟ್ಟ ನನಗೆ ಅವಳು ಹಳೆಯ ಪುಟ ತಿರುಗಿಸಿ ತೋರಿಸಿದಳು. ಉಜ್ಜದ ಬಲೂನನ್ನು ಅಲ್ಲೇ ಅಷ್ಟೇ ಹೊತ್ತು ತೂಗುಹಾಕಿದಾಗ ಏನೂ ಅಂಟಿರಲಿಲ್ಲ. ಆಗಸ್ಟಿನಲ್ಲಿ ಉಜ್ಜಿದ್ದಕ್ಕೂ ಅಂಟಿರಲಿಲ್ಲ, ತೇವದ ಗಾಳಿಯಲ್ಲಿ ವಿದ್ಯುದಂಶ ನಿಲ್ಲುವುದಿಲ್ಲ. ತನ್ನ ಜಡೆಗೆ ಉಜ್ಜಿಯೂ ನೋಡಿದ್ದಳಂತೆ. ಕೊಬ್ಬರಿ ಎಣ್ಣೆಯ ದೆಸೆಯಿಂದ ಅದೂ ಕೆಟ್ಟಿತು. ಜನವರಿಯ ಒಣ ಚಳಿ, ಉಣ್ಣೆಯ ಶಾಲು ಕೂಡಿಬಂದ ಮೇಲೆಯೇ ಪ್ರಯೋಗ ಕೈಹಿಡಿದದ್ದು.

ಇದರ ಮೂಲಪುರುಷರು ಜರ್ಮನಿಯ ವುಲ್ಫೆನ್‌ಬ್ಯುಟೆಲ್ ಊರಿನ ಎಲ್ಸ್ಟರ್ ಮತ್ತು ಗೈಟೆಲ್. ಇಬ್ಬರೂ ಶಾಲಾ ಮೇಷ್ಟ್ರುಗಳು. 1901ರಲ್ಲಿ ಬಯಲಿನಲ್ಲಿ ಋಣ ವಿದ್ಯುದಂಶದ ತಂತಿ ಕಟ್ಟಿ, ಗಾಳಿಯೇ ಅದನ್ನು ವಿಕಿರಣಶೀಲವಾಗಿಸುತ್ತದೆಂದು ಕಂಡುಕೊಂಡರು. ಕ್ಯೂರಿ ದಂಪತಿಯ ಹೆಸರು ಎಲ್ಲರ ಬಾಯಲ್ಲಿದೆ, ಈ ಮೇಷ್ಟ್ರುಗಳನ್ನು ಕೇಳಿದವರಿಲ್ಲ.

ಬಲೂನು ಸುತ್ತಿದ ಮೇಲೆ ಕಾಫಿ ಬಂತು, ಅವಳು ಏಳಲಿಲ್ಲ. ಹಿನ್ನೆಲೆಯ 41 ಕಳೆದರೆ ಮೊದಲಿಗೆ ಉಳಿದದ್ದು ಸುಮಾರು 180. ಮೂವತ್ತೈದು ನಿಮಿಷದ ಹೊತ್ತಿಗೆ 92, ಇನ್ನೊಂದು ಮೂವತ್ತೈದಕ್ಕೆ 44. ಅಂಟಿದ ಸೀಸ-214ರ ಅರ್ಧಾಯು 27 ನಿಮಿಷ, ಅದರ ಮಗ ಬಿಸ್ಮತ್-214ರದು 20 ನಿಮಿಷ. ಒಂದು ಇನ್ನೊಂದಕ್ಕೆ ಉಣಿಸುತ್ತಾ ಹೋಗುವುದರಿಂದ ಇಳಿತ ಎರಡಕ್ಕಿಂತಲೂ ನಿಧಾನ. ಈ ಇಳಿಜಾರೇ ಗುರುತಿನ ಚೀಟಿ. ಗೊಬ್ಬರವೋ ಕಲ್ಲೋ ಆಗಿದ್ದರೆ ಎಣಿಕೆ ಕದಲುತ್ತಲೇ ಇರಲಿಲ್ಲ.

ಆದರೆ ಅವಳ ನೋಟ್‌ಬುಕ್ಕಿನ ನಿಜವಾದ ಸ್ವಾರಸ್ಯ ಇದರ ಬಾಲದಲ್ಲಿದೆ. ಹಿಂದಿನ ಒಂದು ಬಲೂನನ್ನು ರಾತ್ರಿಯಿಡೀ ಎಣಿಸಿದ್ದಳು. ಆರು ಗಂಟೆಯ ನಂತರ ಸೊನ್ನೆಗೆ ಇಳಿಯಬೇಕಾದದ್ದು ನಿಮಿಷಕ್ಕೆ ಒಂಬತ್ತರಲ್ಲಿ ನಿಂತಿತ್ತು. ಮರುದಿನ ಬೆಳಿಗ್ಗೆಯೂ ನಾಲ್ಕೈದು. ರೇಡಾನ್‌ನ ಮಕ್ಕಳು ಅಷ್ಟು ಹೊತ್ತು ಬದುಕುವುದಿಲ್ಲ. ಅದು ಥೋರಿಯಂ ವಂಶದ ಥೋರಾನ್ ಬಿಟ್ಟುಹೋದ ಸೀಸ-212, ಅರ್ಧಾಯು ಹತ್ತೂವರೆ ಗಂಟೆ ಚಿಲ್ಲರೆ. ಥೋರಾನ್‌ನ ಸ್ವಂತ ಅರ್ಧಾಯುವೋ ಒಂದು ನಿಮಿಷಕ್ಕೂ ಕಡಿಮೆ, ಗೋಡೆಯಿಂದ ಹೊರಟದ್ದು ಬಹಳ ದೂರ ಬರಲಾರದು. ಹುಡುಗಿ ಬಲೂನನ್ನು ಒಮ್ಮೆ ಕೋಣೆಯ ನಡುವೆ, ಒಮ್ಮೆ ಗೋಡೆಗೆ ಗೇಣು ದೂರದಲ್ಲಿ ತೂಗಿಸಿ ಹೋಲಿಸಿದಳು. ಗೋಡೆ ಪಕ್ಕದ್ದರ ಬಾಲ ಎರಡರಷ್ಟು ದಪ್ಪ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಲೇಖನದ ನೆಪದಲ್ಲಿ ನಾನು ಆ ಎರಡು ಗ್ರಾಫ್ ಹಾಳೆಗಳ ಮುಂದೆ ಕೂತದ್ದು ಅಗತ್ಯಕ್ಕಿಂತ ಹೆಚ್ಚೇ.

ಅಜ್ಜಿಯ ಪ್ರಶ್ನೆ ಮಾತ್ರ ನೇರವಾಗಿತ್ತು: ‘ಇದರಿಂದ ತೊಂದ್ರೆ ಉಂಟೋ ಇಲ್ವೋ?’ ಬಲೂನು ಉತ್ತರ ಕೊಡದು. ಎಷ್ಟು ಅಂಟುತ್ತದೆಂಬುದು ಎಷ್ಟು ಉಜ್ಜಿದಿರಿ, ಗಾಳಿ ಎಷ್ಟು ಒಣಗಿದೆ ಎಂಬುದರ ಮೇಲೂ ಹೋಗುತ್ತದೆ. ನಿಸರ್ಗದಿಂದ ನಮಗೆ ಬರುವ ವರ್ಷದ ಸರಾಸರಿ 2.4 ಮಿಲಿಸೀವರ್ಟ್‌ನಲ್ಲಿ ಅರ್ಧದಷ್ಟು ರೇಡಾನ್ ಬಳಗದ್ದು, ದೀರ್ಘಕಾಲ ಹೆಚ್ಚಾಗಿ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಸಾಧ್ಯತೆ ಏರುತ್ತದೆ. ಗಾಳಿಯ ಪ್ರತಿ ಘನಮೀಟರಿನಲ್ಲಿ 100 ಬೆಕ್ವೆರೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗೆರೆ. ಅದನ್ನು ಅಳೆಯಲು ಆಲ್ಫಾ ಕಣದ ಗೀರು ಮೂಡುವ ಫಿಲ್ಮಿನ ತುಣುಕನ್ನು ಕೋಣೆಯಲ್ಲಿ ಮೂರು ತಿಂಗಳಷ್ಟು ತೂಗಿಸಬೇಕು. ಹುಡುಗಿಗೆ ಗೊತ್ತಿದ್ದದ್ದು ಇಷ್ಟು: ಉಗ್ರಾಣದ ಕಿಟಕಿ ಎರಡು ಗಂಟೆ ತೆರೆದಿಟ್ಟ ದಿನ, ಅದೇ ರೀತಿ ಉಜ್ಜಿದ ಬಲೂನಿಗೆ ಅರ್ಧಕ್ಕಿಂತ ಕಡಿಮೆ ಅಂಟಿತ್ತು. ‘ಬೆಳಿಗ್ಗೆ ಕಿಟಕಿ ತೆಗಿ ಅಜ್ಜಿ’ ಎಂದಳು. ‘ಇಲಿ ಬತ್ತವೆ’ ಎಂದರು ಅಜ್ಜಿ. ಕಿಟಕಿಗೆ ಜಾಲರಿ ಹೊಡೆಸಲು ಮಾವ ಒಪ್ಪಿದ್ದಾರೆ.

ಈಗ ಅವಳ ಕಣ್ಣು ಮಾವನ ಕಾರಿನ ಮೇಲಿದೆ. ಮಳೆಹನಿ ಗಾಳಿಯಲ್ಲಿನ ಇದೇ ಸೀಸ, ಬಿಸ್ಮತ್‌ಗಳನ್ನು ಬಾಚಿಕೊಂಡು ಕೆಳಗಿಳಿಸುತ್ತದೆ. ಬಾನೆಟ್ಟಿನ ಹಸಿಯನ್ನು ಟಿಶ್ಯೂ ಕಾಗದದಿಂದ ಒರೆಸಿ ಕೊಳವೆಗೆ ಸುತ್ತಿದರೆ ಎಣಿಕೆ ಏರಬೇಕು, ಒಂದೆರಡು ಗಂಟೆಯಲ್ಲಿ ಇಳಿದುಬಿಡಬೇಕು. ಕಾರು ಬಯಲಲ್ಲಿ ನಿಂತಿರಬೇಕು, ಮಳೆ ನಿಂತ ಕೂಡಲೇ ಒರೆಸಬೇಕು. ಬಲೂನಿನಂತೆ ಇದಕ್ಕೆ ಒಣಹವೆಯ ಹಂಗಿಲ್ಲ, ಹಾಗಾಗಿ ಮುಂಗಾರಿನ ತಿಂಗಳುಗಳ ಪುಟಗಳನ್ನು ಈಗಲೇ ಗೆರೆ ಎಳೆದು ಖಾಲಿ ಬಿಟ್ಟಿದ್ದಾಳೆ.