ಟಾನ್ಸಿಲ್ ಗುಳಿಯಲ್ಲಿ ಕೂತ ಬಿಳಿ ಕಲ್ಲು

ಜೋರಾಗಿ ಕೆಮ್ಮಿದಾಗ ನುಚ್ಚಕ್ಕಿಯಷ್ಟು ಗಾತ್ರದ, ಬಿಳಿಯೋ ತಿಳಿಹಳದಿಯೋ ಬಣ್ಣದ ಚೂರೊಂದು ನಾಲಿಗೆಗೆ ಸಿಗುತ್ತದೆ. ಬೆರಳಲ್ಲಿ ಹಿಸುಕಿ ನೋಡಿದರೆ ಮೂಗು ಮುಚ್ಚಿಕೊಳ್ಳುವಂಥ ನಾತ. ಇದೇ ಟಾನ್ಸಿಲ್ ಕಲ್ಲು.

ಕಿರುನಾಲಿಗೆಯ ಎರಡೂ ಪಕ್ಕದಲ್ಲಿರುವ ಟಾನ್ಸಿಲ್‌ಗಳ ಮೈ ನುಣುಪಾಗಿರುವುದಿಲ್ಲ, ಅದರ ತುಂಬ ಆಳವಾದ ಗುಳಿಗಳು. ಉದುರಿದ ಜೀವಕೋಶ, ಲೋಳೆ, ಅನ್ನದ ಕಣ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಬ್ಯಾಕ್ಟೀರಿಯಾಗಳು ಅದರಲ್ಲೇ ಬೀಡುಬಿಡುತ್ತವೆ. ಮೇಲೆ ಸುಣ್ಣದಂಶ ಕೂಡುತ್ತಾ ಹೋದರೆ ಆ ಮೆತ್ತನೆಯ ಮುದ್ದೆ ಗಟ್ಟಿಯಾಗುತ್ತದೆ. ಪದೇ ಪದೇ ಗಂಟಲುನೋವು ಬಂದವರಲ್ಲಿ ಗುಳಿಗಳು ಇನ್ನಷ್ಟು ಆಳವಾಗಿರುವುದುಂಟು.

ವಾಸನೆಗೆ ಕಾರಣ ಗುಳಿಯ ತಳದಲ್ಲಿದೆ. ಗಾಳಿಯಾಡದ ಆ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಗಂಧಕದ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವುದೂ ಇಂಥದೇ ಅನಿಲದಿಂದ. ಹಲ್ಲನ್ನು ಎಷ್ಟು ಉಜ್ಜಿದರೂ ಬ್ರಷ್ ಅಲ್ಲಿಗೆ ತಲುಪುವುದಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಕಲ್ಲಿನ ತಲೆಗೆ ಕಟ್ಟಬೇಡಿ. ಒಬ್ಬ ಯುವಕ ಕನ್ನಡಿಯಲ್ಲಿ ಎಡ ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ ಕಂಡು ಹೆದರುತ್ತಾನೆ ಎಂದಿಟ್ಟುಕೊಳ್ಳಿ. ಜ್ವರವಿಲ್ಲ, ನುಂಗಿದರೆ ನೋವಿಲ್ಲ, ಏನೋ ಸಿಕ್ಕಿಕೊಂಡಂತೆ ಅನಿಸುತ್ತದೆ ಅಷ್ಟೆ. ಕಿವಿ-ಮೂಗು-ಗಂಟಲು ವೈದ್ಯರು ಒತ್ತಿ ಕಲ್ಲನ್ನು ಹೊರತೆಗೆಯುತ್ತಾರೆ. ಆದರೆ ವಾರ ಕಳೆದರೂ ವಾಸನೆ ಪೂರ್ತಿ ಹೋಗಿಲ್ಲ! ನೋಡಿದರೆ ನಾಲಿಗೆಯ ಹಿಂಭಾಗದಲ್ಲಿ ದಪ್ಪ ಬಿಳಿ ಪದರ, ವಸಡಿನಲ್ಲಿ ರಕ್ತ. ಬಾಯಿವಾಸನೆಯ ಬಹುಪಾಲು ಹುಟ್ಟುವುದು ಈ ಎರಡು ಕಡೆಯೇ. ಹಲ್ಲಿನ ವೈದ್ಯರನ್ನೂ ಕಾಣದೆ ಅವನ ತೊಂದರೆ ಮುಗಿಯದು.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ, ಊಟದ ನಂತರ ತಲೆ ಹಿಂದಕ್ಕೆ ವಾಲಿಸಿ ಗಂಟಲಲ್ಲಿ ಗಳಗಳ ಎನ್ನಿಸಿ ಉಗುಳಿ. ಸಡಿಲವಾದ ಕಲ್ಲು ಕೆಲವೊಮ್ಮೆ ಇದರಲ್ಲೇ ಬೀಳುತ್ತದೆ. ನುಂಗಿಹೋದರೂ ಹಾನಿಯಿಲ್ಲ. ದಿನಕ್ಕೊಮ್ಮೆ ನಾಲಿಗೆ ಕೆರೆಯಿರಿ, ಬಾಯಿ ಒಣಗದಂತೆ ನೀರು ಕುಡಿಯಿರಿ, ಬೀಡಿ-ಸಿಗರೇಟು ಬಿಡಿ. ತೊಂದರೆ ಕೊಡದ ಕಲ್ಲನ್ನು ಇದ್ದಲ್ಲೇ ಬಿಟ್ಟರೂ ಆಯಿತು.

ಹೇರ್‌ಪಿನ್, ಹಲ್ಲುಕಡ್ಡಿ, ಉಗುರು ಹಾಕಿ ಕೆದಕುವುದು ಮಾತ್ರ ಬೇಡವೇ ಬೇಡ. ಟಾನ್ಸಿಲ್ ಮೆತ್ತಗಿನ ಅಂಗ, ರಕ್ತನಾಳಗಳೂ ಹೆಚ್ಚು. ಗೀರಿದರೆ ರಕ್ತ ಸುರಿಯುತ್ತದೆ, ಗಾಯಕ್ಕೆ ಸೋಂಕು ತಗಲುತ್ತದೆ. ಆ್ಯಂಟಿಬಯಾಟಿಕ್ ಮಾತ್ರೆಯನ್ನು ತಾವಾಗಿಯೇ ನುಂಗುವವರೂ ಇದ್ದಾರೆ. ಗುಳಿ ಇದ್ದಲ್ಲೇ ಇರುವುದರಿಂದ ಕಲ್ಲು ಮತ್ತೆ ಕಟ್ಟುತ್ತದೆ.

ಬಿಳಿ ಕಂಡದ್ದೆಲ್ಲ ಕಲ್ಲೂ ಅಲ್ಲ. ಜ್ವರ, ನುಂಗಲಾಗದ ನೋವು ಜೊತೆಗಿದ್ದರೆ ಅದು ಕೀವಾಗಿರಬಹುದು. ಒಂದೇ ಕಡೆಯ ಟಾನ್ಸಿಲ್ ದೊಡ್ಡದಾಗುತ್ತಿದ್ದರೆ, ಹುಣ್ಣು ವಾಸಿಯಾಗದಿದ್ದರೆ, ಕತ್ತಿನಲ್ಲಿ ಗಂಟು ಕಂಡರೆ, ಉಗುಳಿನಲ್ಲಿ ರಕ್ತ ಬಂದರೆ ವೈದ್ಯರಿಗೆ ತೋರಿಸಿ. ತಂಬಾಕು ಜಗಿಯುವವರು, ಸೇದುವವರು ತಡಮಾಡಲೇಬಾರದು. ಬಾಯಿ ತೆರೆಯಲಾಗದಿದ್ದರೆ, ಉಸಿರು ಕಟ್ಟಿದರೆ ತಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಟಾನ್ಸಿಲ್ ತೆಗೆಸಿದರೆ ಕಲ್ಲಿನ ಕಾಟ ತಪ್ಪುತ್ತದೆ ನಿಜ. ಆದರೆ ದೊಡ್ಡವರಿಗೆ ಸುಮಾರು ಎರಡು ವಾರ ಗಂಟಲು ಉರಿ, ರಕ್ತಸ್ರಾವದ ಭಯವೂ ಉಂಟು. ಅಪರೂಪಕ್ಕೆ ಬೀಳುವ ಒಂದು ಚೂರಿಗಾಗಿ ಇಷ್ಟು ಅನುಭವಿಸಿ ಎಂದು ಬಹುತೇಕ ವೈದ್ಯರು ಹೇಳುವುದಿಲ್ಲ.