ಮಾತ್ರೆ ಬಿಟ್ಟ ಮೂರನೇ ದಿನ

ಖಿನ್ನತೆಗೆ ಎರಡು ವರ್ಷದಿಂದ ದಿನಕ್ಕೆ 10 ಮಿ.ಗ್ರಾಂ. ಎಸ್ಸಿಟಾಲೊಪ್ರಾಮ್ ತೆಗೆದುಕೊಳ್ಳುತ್ತಿದ್ದ ನಲವತ್ತೈದರ ಶಿಕ್ಷಕಿಯೊಬ್ಬರು ಎಂದುಕೊಳ್ಳಿ. ವರ್ಷಕ್ಕೂ ಮೇಲಾಗಿ ಅವರು ಆರಾಮಾಗಿದ್ದಾರೆ. ಸ್ಟ್ರಿಪ್ ಮುಗಿಯಿತು, ಇನ್ನೇಕೆ ಎಂದು ನಿಲ್ಲಿಸಿದರು. ಮೂರನೇ ದಿನ ತಲೆಸುತ್ತು, ಓಕರಿಕೆ. ಕಣ್ಣು ಅತ್ತಿತ್ತ ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಎನ್ನುತ್ತದೆ. ರಾತ್ರಿಯಿಡೀ ಕೆಟ್ಟ ಕನಸು, ಸಣ್ಣ ಮಾತಿಗೂ ಅಳು, ಸಿಡುಕು. "ಹಳೇ ಕಾಯಿಲೆ ತಿರುಗಿ ಬಂತು" ಎಂದು ಮನೆಯವರು ಹೆದರುತ್ತಾರೆ. ಊರಿನ ವೈದ್ಯರೂ ಹಾಗೇ ಅಂದುಕೊಂಡರೆ, ಬೇಕಿಲ್ಲದ ಮಾತ್ರೆ ಇನ್ನೂ ಎಷ್ಟೋ ವರ್ಷ ಮುಂದುವರಿಯುತ್ತದೆ.

ಮೊದಲು ನೋಡಬೇಕಾದದ್ದು ದಿನದ ಲೆಕ್ಕ. ಮಾತ್ರೆ ಬಿಟ್ಟಿದ್ದರಿಂದ ಆಗುವ ತೊಂದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ, ಒಮ್ಮೆಗೇ ಶುರುವಾಗುತ್ತದೆ. ಖಿನ್ನತೆ ಹಾಗೆ ಬರುವುದು ಕಡಿಮೆ; ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಕವಿಯುತ್ತದೆ. ಆದರೆ ದಿನದ ಲೆಕ್ಕವೊಂದನ್ನೇ ನಂಬುವಂತಿಲ್ಲ. ಫ್ಲೂಆಕ್ಸೆಟಿನ್ ದೇಹದಲ್ಲಿ ವಾರಗಳ ಕಾಲ ಉಳಿಯುವುದರಿಂದ ಅದನ್ನು ಬಿಟ್ಟವರಲ್ಲಿ ತೊಂದರೆ ತಡವಾಗಿಯೂ ಕಾಣಬಹುದು. ವೆನ್ಲಫಾಕ್ಸಿನ್, ಪ್ಯಾರಾಕ್ಸೆಟಿನ್ ಬೇಗ ಇಳಿದುಹೋಗುವ ಔಷಧಗಳು, ಅವನ್ನು ಬಿಟ್ಟಾಗಿನ ಕಾಟವೂ ಹೆಚ್ಚು.

ಎರಡನೆಯದು ಲಕ್ಷಣದ ಬಗೆ. ಅಳು, ನಿದ್ದೆಗೇಡು, ಆತಂಕ ಎರಡರಲ್ಲೂ ಉಂಟು. ತಲೆಯೊಳಗಿನ ಆ ಕರೆಂಟು, ತಲೆಸುತ್ತು, ಓಕರಿಕೆ, ಫ್ಲೂ ಬಂದಂಥ ಮೈಕೈ ನೋವು ಮಾತ್ರ ಖಿನ್ನತೆಯವಲ್ಲ. ರೋಗಿಗೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: "ಮೊದಲ ಸಲ ಕಾಯಿಲೆ ಬಂದಾಗಲೂ ಹೀಗೇ ಇತ್ತಾ?" ಆ ಶಿಕ್ಷಕಿ ಇಲ್ಲ ಎನ್ನುತ್ತಾರೆ. ಆಗ ಯಾವುದರಲ್ಲೂ ಆಸಕ್ತಿ ಇರಲಿಲ್ಲ, ನಸುಕಿನಲ್ಲೇ ಎಚ್ಚರವಾಗುತ್ತಿತ್ತು, ತಾನು ಯಾರಿಗೂ ಬೇಡದವಳು ಎನ್ನಿಸುತ್ತಿತ್ತು. ಈಗ ಶಾಲೆಗೆ ಹೋಗುವ ಮನಸ್ಸಿದೆ, ತಲೆಸುತ್ತು ಬಿಡುತ್ತಿಲ್ಲ.

ಅನುಮಾನ ಉಳಿದರೆ ಮೂರನೆಯ ಸುಳಿವು ನೋಡಬಹುದು. ಹಳೆಯ ಡೋಸ್ ಮತ್ತೆ ಕೊಟ್ಟಾಗ ಬಿಟ್ಟ ತೊಂದರೆಯಾದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮರುಕಳಿಸಿದ ಖಿನ್ನತೆ ಅಷ್ಟು ಬೇಗ ಜಗ್ಗುವುದಿಲ್ಲ, ವಾರಗಳೇ ಬೇಕು.

ಹಾಗಾದರೆ ಬಿಡುವುದು ಹೇಗೆ? ಅರ್ಧ ಮಾಡಿ, ಆಮೇಲೆ ನಿಲ್ಲಿಸಿ ಎನ್ನುವ ಹಳೆಯ ರೂಢಿಯ ತೊಡಕನ್ನು 2019ರಲ್ಲಿ ಹೊರೊವಿಟ್ಜ್ ಮತ್ತು ಟೇಲರ್ ವಿವರಿಸಿದರು. ಎಸ್ಸಿಟಾಲೊಪ್ರಾಮ್‌ನ ಹತ್ತಿರದ ನಂಟಾದ ಸಿಟಾಲೊಪ್ರಾಮ್ 20 ಮಿ.ಗ್ರಾಂ. ಕೊಟ್ಟರೆ, ಮಿದುಳಿನಲ್ಲಿ ಅದು ಕೆಲಸ ಮಾಡುವ ಜಾಗಗಳಲ್ಲಿ ಸುಮಾರು ಶೇ. 80ರಷ್ಟು ತುಂಬುತ್ತವೆ. 9 ಮಿ.ಗ್ರಾಂ.ಗೆ ಇಳಿಸಿದರೂ ಶೇ. 70ರಷ್ಟು ತುಂಬೇ ಇರುತ್ತವೆ. ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡಿದರೂ ಮಿದುಳಿಗೆ ಅಷ್ಟಾಗಿ ತಿಳಿಯುವುದಿಲ್ಲ. ದೊಡ್ಡ ಕುಸಿತವೆಲ್ಲ ಕೊನೆಯ ಕೆಲವೇ ಮಿ.ಗ್ರಾಂ.ಗಳಲ್ಲಿದೆ. "ಇಷ್ಟು ಸಣ್ಣ ಡೋಸ್ ಏನೂ ಮಾಡಲ್ಲ" ಎಂದು ಅಲ್ಲಿಗೇ ನಿಲ್ಲಿಸಿಬಿಡುವುದು ನನ್ನ ಮಟ್ಟಿಗೆ ಅತಿ ದೊಡ್ಡ ತಪ್ಪು.

ಆದ್ದರಿಂದ ಆ ಶಿಕ್ಷಕಿಗೆ ಮತ್ತೆ 10 ಕೊಟ್ಟು, ಸುಧಾರಿಸಿದ ಮೇಲೆ 7.5, ನಂತರ 5, 2.5, ಕೊನೆಗೆ 1.25, ಹೀಗೆ ಒಂದೊಂದು ಮೆಟ್ಟಿಲಲ್ಲೂ ಎರಡರಿಂದ ನಾಲ್ಕು ವಾರ ನಿಲ್ಲಿಸಬಹುದು. 5 ಮಿ.ಗ್ರಾಂ. ಮಾತ್ರೆಯನ್ನು ಅರ್ಧ, ಕಾಲು ಮಾಡಿದರೆ ಇದು ಸಾಧ್ಯ. ತೊಂದರೆ ತಡೆಯಲಾರದಷ್ಟಾದರೆ ಹಿಂದಿನ ಮೆಟ್ಟಿಲಿಗೆ ಮರಳಿ, ಸುಧಾರಿಸಿದ ಮೇಲೆ ಇನ್ನೂ ಸಣ್ಣ ಹೆಜ್ಜೆ ಇಡಬೇಕು. ದಿನ ಬಿಟ್ಟು ದಿನ ಮಾತ್ರೆ ನುಂಗಿಸುವುದು ಸರಿಯಲ್ಲ, ರಕ್ತದಲ್ಲಿ ಔಷಧ ಏರಿಳಿದು ಕಾಟ ಹೆಚ್ಚುತ್ತದೆ. ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಲೂಬಾರದು.

ನಮ್ಮಲ್ಲಿ ಇನ್ನೊಂದು ಅಪಾಯವಿದೆ. ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಾಜೆಪಾಮ್ ಸೇರಿಸಿದ ಮಾತ್ರೆ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯ. ದೀರ್ಘಕಾಲ ತೆಗೆದುಕೊಂಡ ಕ್ಲೊನಾಜೆಪಾಮ್ ದಿಢೀರನೆ ನಿಂತರೆ ಫಿಟ್ಸ್ ಬರುವ ಸಂಭವವಿದೆ. ಹಾಗಾಗಿ ವೈದ್ಯರು ಸ್ಟ್ರಿಪ್ ತರಿಸಿ ಹಿಂಬದಿಯ ಹೆಸರು ಓದಬೇಕು, ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿಸಿ, ಒಂದಾದ ಮೇಲೆ ಒಂದನ್ನು ಇಳಿಸಬೇಕು.

ಇಷ್ಟೆಲ್ಲ ಮಾಡಿದರೂ ಕಾಯಿಲೆ ನಿಜಕ್ಕೂ ಮರುಕಳಿಸಬಹುದು. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಮಾತ್ರೆ ನಿಲ್ಲಿಸಿದವರಲ್ಲಿ ವರ್ಷದೊಳಗೆ ಶೇ. 56 ಮಂದಿಗೆ ಖಿನ್ನತೆ ಮರಳಿತು, ಮುಂದುವರಿಸಿದವರಲ್ಲಿ ಶೇ. 39. ಅದಕ್ಕೇ ಮಾತ್ರೆ ನಿಂತ ಮೇಲೂ ವೈದ್ಯರು ಕೆಲವು ತಿಂಗಳು ರೋಗಿಯನ್ನು ಕರೆಸಿ ನೋಡುತ್ತಿರಬೇಕು. ಸಾಯುವ ಯೋಚನೆ ಬಂದರೆ ಕಾಯುವ ಮಾತೇ ಇಲ್ಲ: ಅದೇ ದಿನ ವೈದ್ಯರನ್ನು ಕಾಣಿ, ಅಥವಾ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.