ಕೇರ್ ಪ್ಲಾನ್‌ಗೆ ಕಾಲಾವಕಾಶ ಕೇಳುವ ಪತ್ರ

ನರ್ಸಿಂಗ್ ಕಾಲೇಜಿನಲ್ಲಿ ಹುಷಾರಿಲ್ಲವೆಂದು ರಜೆ ಕೇಳುವ ಪತ್ರವೇ ಬೇರೆ, ಕೇರ್ ಪ್ಲಾನ್ ಒಪ್ಪಿಸಲು ಇನ್ನಷ್ಟು ದಿನ ಕೇಳುವ ಪತ್ರವೇ ಬೇರೆ. ಕೇರ್ ಪ್ಲಾನ್ ವಾರ್ಡಿನಲ್ಲಿರುವ ಒಬ್ಬ ರೋಗಿಗೆಂದೇ ಬರೆಯುವಂಥದ್ದು. ವಿದ್ಯಾರ್ಥಿನಿ ಮನೆಯಲ್ಲಿ ಮಲಗಿರುವಾಗ ಆ ರೋಗಿ ಡಿಸ್ಚಾರ್ಜ್ ಆಗಿಬಿಡಬಹುದು. ಹಾಗಾಗಿ ಕೆಲಸ ಎಲ್ಲಿಗೆ ನಿಂತಿದೆ, ಉಳಿದದ್ದನ್ನು ಹೇಗೆ ಮುಗಿಸುವುದು ಎಂಬುದನ್ನು ಪತ್ರವೇ ಹೇಳಬೇಕು.

ಎರಡನೇ ವರ್ಷದ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳಿಗೆ ಸರ್ಜಿಕಲ್ ವಾರ್ಡಿನ ಪೋಸ್ಟಿಂಗ್ ಎಂದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಕಾಲಲ್ಲಿ ಹುಣ್ಣಾದ ರೋಗಿಯನ್ನು ಎರಡು ದಿನ ನೋಡಿಕೊಂಡಿದ್ದಾಳೆ. ಮೂರನೇ ದಿನ ಬೆಳಗ್ಗೆ ಮೈಮೇಲೆ ಗುಳ್ಳೆ ಎದ್ದಿವೆ: ಚಿಕನ್ ಪಾಕ್ಸ್. ಅವಳು ಮೊದಲು ಮಾಡಬೇಕಾದದ್ದು ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗೆ ಫೋನ್. ಈ ಸೋಂಕು ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡುತ್ತದೆ. ಅವಳು ಯಾರ್‍ಯಾರ ಹಾಸಿಗೆ ಬಳಿ ಇದ್ದಳೆಂಬುದು ವಾರ್ಡಿಗೆ ಅಂದೇ ಗೊತ್ತಾಗಬೇಕು. ಪತ್ರ ಆಮೇಲೆ, ಇನ್‌ಸ್ಟ್ರಕ್ಟರ್ ಮೂಲಕ ಪ್ರಾಂಶುಪಾಲರಿಗೆ:

"ಮಾನ್ಯ ಮೇಡಂ, ನನಗೆ ಚಿಕನ್ ಪಾಕ್ಸ್ ಆಗಿದ್ದು, ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ವಾರ್ಡಿಗೆ ಹೋಗಬಾರದೆಂದು ವೈದ್ಯರು ತಿಳಿಸಿದ್ದಾರೆ. 14ರಂದು ಒಪ್ಪಿಸಬೇಕಿದ್ದ ಕೇರ್ ಪ್ಲಾನ್‌ನಲ್ಲಿ ಅಸೆಸ್‌ಮೆಂಟ್, ನರ್ಸಿಂಗ್ ಡಯಾಗ್ನೋಸಿಸ್ ಮತ್ತು ಎರಡು ದಿನದ ಆರೈಕೆಯ ವಿವರ ಬರೆದಾಗಿದೆ. ಮೂರನೇ ದಿನದ ಆರೈಕೆ ಹಾಗೂ ಇವ್ಯಾಲ್ಯುಯೇಶನ್ ಬಾಕಿ ಇದೆ. ದಯವಿಟ್ಟು 24ರವರೆಗೆ ಕಾಲಾವಕಾಶ ಕೊಡಬೇಕಾಗಿ ಕೋರುತ್ತೇನೆ. ಅಷ್ಟರಲ್ಲಿ ರೋಗಿ ಡಿಸ್ಚಾರ್ಜ್ ಆಗಿದ್ದರೆ ಅದೇ ತೊಂದರೆಯ ಇನ್ನೊಬ್ಬ ರೋಗಿಯನ್ನು ವಹಿಸಿಕೊಡಬೇಕು. ಮೆಡಿಕಲ್ ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ಫಿಟ್‌ನೆಸ್ ಸರ್ಟಿಫಿಕೇಟನ್ನು ಮರಳುವ ದಿನ ತರುತ್ತೇನೆ."

ಪತ್ರದಲ್ಲಿ ರೋಗಿಯ ಹೆಸರಿಲ್ಲ, ಇರಲೂಬಾರದು. "ಸ್ವಲ್ಪ ದಿನ" ಎನ್ನದೆ ತಾರೀಖು ಹಾಕಿದ್ದಾಳೆ. ಹಕ್ಕಳೆ ಕಟ್ಟಲು ಸಾಮಾನ್ಯವಾಗಿ ಒಂದು ವಾರ ಬೇಕು, ಮರಳಿದ ಮೇಲೆ ರೋಗಿಯನ್ನು ನೋಡಿ ಬರೆಯಲು ಎರಡು ಮೂರು ದಿನ. ಕೇಳಿದ ಅವಧಿಗೆ ಹೀಗೆ ಲೆಕ್ಕವಿದ್ದರೆ ಇನ್‌ಸ್ಟ್ರಕ್ಟರ್ ಒಪ್ಪುವುದು ಸುಲಭ.

ಸೀನಿಯರ್ ಫೈಲ್ ನೋಡಿಕೊಂಡು ಮೂರನೇ ದಿನವನ್ನೂ ಮನೆಯಲ್ಲೇ ಬರೆದುಬಿಡೋಣ ಎಂಬ ಆಸೆ ಹಲವರಿಗೆ ಬರುತ್ತದೆ. ಅದು ನೋಡದ ಗಾಯದ ಬಗ್ಗೆ ಬರೆದ ಸುಳ್ಳು ದಾಖಲೆ. ಸಿಕ್ಕಿಬೀಳುವುದೂ ಬೇಗ. "ಗಾಯ ಮಾಯುತ್ತಿದೆ" ಎಂದಷ್ಟೇ ಬರೆದು, ಗಾಯದ ಅಳತೆ, ಕೀವು, ಅಂದಿನ ಸಕ್ಕರೆಯ ಮಟ್ಟ ಯಾವುದೂ ಇಲ್ಲದಿದ್ದರೆ ಇನ್‌ಸ್ಟ್ರಕ್ಟರ್ ಕೇಸ್ ಶೀಟ್ ತೆರೆಯುತ್ತಾರೆ. ಬಾಕಿ ಇರುವುದನ್ನು ಬಾಕಿ ಎಂದೇ ಬರೆಯುವುದು ಲೇಸು.

ಇನ್ನೊಂದು ಮಾತು. ಗಡುವು ಮುಂದೆ ಹೋದ ಮಾತ್ರಕ್ಕೆ ತಪ್ಪಿದ ವಾರ್ಡ್ ಡ್ಯೂಟಿ ಮಾಫಿಯಾಗುವುದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಸಾಕಾದರೂ, ಪದವಿ ಸಿಗುವ ಮೊದಲು ಕ್ಲಿನಿಕಲ್ ಹಾಜರಾತಿ ಶೇ. 100 ಆಗಿರಬೇಕು. ಆ ಡ್ಯೂಟಿ ತುಂಬಿಕೊಡಲು ಬೇರೆಯೇ ಅರ್ಜಿ ಕೊಡಿ. ಒಪ್ಪಿಗೆಯ ಸಹಿ ಬಿದ್ದ ಪತ್ರದ ಒಂದು ಪ್ರತಿಯನ್ನು ಕೇರ್ ಪ್ಲಾನ್ ಫೈಲಿಗೆ ಲಗತ್ತಿಸಿಡಿ.